ಐದರ ಹುಡುಗಿ, ಆರರ ಹುಡುಗ, ಮತ್ತೆ ಆ 90 ದಿನ

(ಬದಿಯಡ್ಕದ ಹತ್ತಿರ ಒಂದು ಗ್ರಂಥಾಲಯದಲ್ಲಿ ಮಾತಾಡಿದ್ದು ಇದು. ಮೊಬೈಲಲ್ಲಿ ರೆಕಾರ್ಡ್ ಮಾಡಿದ್ದನ್ನು ಕೇಳಿ ಬರೆದದ್ದು, ಮಳೆ ಜೋರಾಗಿ ತಗಡಿನ ಮೇಲೆ ಬಿದ್ದಲ್ಲಿ ನನ್ನ ದನಿಯೇ ನನಗೆ ಕೇಳ್ತಿರಲಿಲ್ಲ, ಅಷ್ಟು ಭಾಗ ನೆನಪಿನಿಂದ ತುಂಬಿಸಿದ್ದೇನೆ.)

ಎಲ್ಲರಿಗೂ ನಮಸ್ಕಾರ. ಇವತ್ತು ಮಾತಾಡ್ಲಿಕ್ಕೆ ಕಾರಣ ನಮ್ಮ ಪ್ಲಸ್ ಟೂ ಓದುವ ಒಬ್ಳು ಹುಡುಗಿ. ರಜೆಯಲ್ಲಿ ಒಂದು ಇಂಗ್ಲಿಷ್ ಕಾದಂಬರಿ ಓದಿ ಬಂದು ನನ್ನತ್ರ ಕೇಳಿದ್ಳು, "ಸರ್, ಈ ಕಥೆಯ ದೇಶದಲ್ಲಿ ಎಂಟು ಜಾತಿ ಉಂಟು, ಎಲ್ಲದಕ್ಕೂ ನಂಬರ್. ಆದ್ರೆ ಅಲ್ಲಿ ಜಾತಿ ಸರ್ಟಿಫಿಕೇಟ್ ಯಾರು ಕೊಡುವುದು, ವಿಲೇಜ್ ಆಫೀಸಾ?" ಅವಳು ತಮಾಷೆಗೆ ಕೇಳಿದ್ದು, ಸ್ಕಾಲರ್‌ಶಿಪ್ಪಿಗೆ ಅಂತ ಅಕ್ಷಯ ಕೇಂದ್ರಕ್ಕೆ ಮೂರು ಸಲ ಹೋಗಿ ಬಂದ ಸಿಟ್ಟೂ ಇತ್ತು ಅನ್ನಿ. ಆದ್ರೆ ಪ್ರಶ್ನೆ ಒಳ್ಳೇದಿತ್ತು. ಆ ಪುಸ್ತಕವನ್ನು ನಾನು "ರಾಜಕುಮಾರ ಹುಡುಗಿ ಹುಡುಕುವ ಕಥೆ" ಅಂತ ಬದಿಗಿಟ್ಟಿದ್ದೆ, ಅವಳು ಕೇಳಿದ ಮೇಲೆ ಮೂರೂ ಓದಿದೆ.

ಬರೆದದ್ದು ಕೀರಾ ಕ್ಯಾಸ್, ಅಮೆರಿಕದವರು. ಮೊದಲನೇದು "ದಿ ಸೆಲೆಕ್ಷನ್" 2012ರಲ್ಲಿ, ಎರಡನೇದು "ದಿ ಎಲೀಟ್" 2013, ಮೂರನೇದು "ದಿ ಒನ್" 2014. ಆಮೇಲೆ ಮಗಳ ಕಥೆ ಅಂತ ಇನ್ನೂ ಬಂತು, ಅದರ ವಿಷಯ ಕೊನೆಗೆ ಸ್ವಲ್ಪ ಹೇಳ್ತೇನೆ. ಹದಿಹರೆಯದವರಿಗೆ ಅಂತ ಬರೆದದ್ದು, ಅಂಗಿ, ಆಭರಣ, ಮುತ್ತು ಕೊಡುವುದು ಎಲ್ಲ ಧಾರಾಳ ಉಂಟು, ಅದನ್ನು ನಾನು ಹಾರಿಸ್ತೇನೆ. ನನಗೆ ಬೇಕಾದದ್ದು ಆ ದೇಶದ ಕಾನೂನು.

ದೇಶದ ಹೆಸರು ಇಲ್ಲಿಯಾ. ಈಗಿನ ಅಮೆರಿಕ ಇದ್ದ ಜಾಗ. ಕಥೆಯ ಪ್ರಕಾರ ಅಮೆರಿಕ ಚೀನಾದ ಸಾಲ ತೀರಿಸ್ಲಿಕ್ಕಾಗದೆ ಚೀನಾ ದಂಡೆತ್ತಿ ಬಂದು, ಮೂರನೇ ಮಹಾಯುದ್ಧ ಆಗಿ, ಆಮೇಲೆ ಗ್ರೆಗರಿ ಇಲ್ಲಿಯಾ ಅಂತ ಒಬ್ಬ ದುಡ್ಡಿನವ ಮುಂದೆ ನಿಂತು ದೇಶ ವಾಪಸ್ ಕಟ್ಟಿದ, ಕಟ್ಟಿದವನೇ ರಾಜ ಆದ. ಜನ ಎಲ್ಲ ಎಂಟು ಪಾಲು. ಒಂದು ಅಂದ್ರೆ ಅರಮನೆಯವರು ಮತ್ತೆ ಚರ್ಚಿನವರು. ಎರಡು ಸಿನಿಮಾದವರು, ಆಟಗಾರರು, ಮಾಡೆಲ್‌ಗಳು, ಸೈನಿಕರು. ಮೂರು ಟೀಚರು, ಡಾಕ್ಟರು, ಇಂಜಿನಿಯರು. ನಾಲ್ಕು ಕೃಷಿಕರು, ವ್ಯಾಪಾರದವರು. ಐದು ಹಾಡುವವರು, ಚಿತ್ರ ಬರೆಯುವವರು, ಒಟ್ಟು ಕಲೆಯವರು. ಆರು ಮನೆಕೆಲಸದವರು. ಏಳು ಮೈಮುರಿದು ದುಡಿಯುವ ಕೂಲಿಯವರು. ಎಂಟು ಅಂದ್ರೆ ಮನೆ ಇಲ್ಲದವರು, ಕಾಯಿಲೆಯವರು, ಕುಡಿದು ಹಾಳಾದವರು, ಎಲ್ಲಿಗೂ ಸೇರದವರು.

ಈಗ ನಮ್ಮ ಊರಿನವರನ್ನು ಒಬ್ಬರನ್ನು ತಗೊಳ್ಳಿ. ಎರಡು ಎಕ್ರೆ ಅಡಿಕೆ ತೋಟ ಉಂಟು, ಹಗಲು ಶಾಲೆಯಲ್ಲಿ ಮಾಷ್ಟ್ರು, ರಾತ್ರಿ ತಾಳಮದ್ದಳೆಯಲ್ಲಿ ಅರ್ಥ ಹೇಳ್ತಾರೆ. ಇವರನ್ನು ಎಲ್ಲಿ ಹಾಕುವುದು ಮಾರಾಯ್ರೆ? ತೋಟದಿಂದ ನಾಲ್ಕು, ಶಾಲೆಯಿಂದ ಮೂರು, ಕೌರವನ ಅರ್ಥ ಹೇಳಿದ್ದಕ್ಕೆ ಐದು. (ನಗು. ಮುಂದಿನ ಬೆಂಚಲ್ಲಿ ಅಂಥವರೇ ಇಬ್ಬರು ಕೂತಿದ್ರು.) ಇಲ್ಲಿಯಾದಲ್ಲಿ ಇಂಥ ಮನುಷ್ಯನಿಗೆ ಜಾಗ ಇಲ್ಲ. ಅಲ್ಲಿ ನಂಬರ್ ಯಾವುದೋ ಕೆಲಸ ಅದೇ. ಕಥೆಯ ನಾಯಕಿ ಅಮೆರಿಕಾ ಸಿಂಗರ್ ಐದನೆಯವಳು, ಹದಿನಾರು ವರ್ಷ, ಹಾಡ್ತಾಳೆ, ಪಿಟೀಲು ಬಾರಿಸ್ತಾಳೆ, ಅಮ್ಮನ ಜೊತೆ ದೊಡ್ಡವರ ಮನೆ ಪಾರ್ಟಿಗಳಿಗೆ ಹೋಗಿ ದುಡಿಯುವುದು. ಕ್ರಿಸ್‌ಮಸ್ ಸುತ್ತಮುತ್ತ ಕೈತುಂಬ ಕೆಲಸ, ಉಳಿದ ಸಮಯ ಕಷ್ಟ. ನಮ್ಮಲ್ಲಿ ಪತ್ತನಾಜೆಗೆ ಗೆಜ್ಜೆ ಬಿಚ್ಚಿದ ಮೇಲೆ ಮೇಳದ ಕಲಾವಿದರು ಮಳೆಗಾಲ ಹೇಗೆ ಕಳೆಯುವುದು ಅಂತ ಗೊತ್ತಿದ್ದವರಿಗೆ ಆ ಮನೆಯ ಅಡುಗೆಕೋಣೆ ಅರ್ಥ ಆಗ್ತದೆ. ಆದ್ರೆ ನಮ್ಮ ಕಲಾವಿದ ಮಳೆಗಾಲದಲ್ಲಿ ಬೇರೆ ಏನಾದ್ರೂ ಕೆಲಸ ಮಾಡಿಯಾನು, ಅವಳಿಗೆ ಅದಿಲ್ಲ.

ಇಷ್ಟು ಹೇಳಿದ್ರೆ ಇದು ಬರೀ ಕೆಲಸದ ಪಟ್ಟಿ ಅಂತ ಅನ್ನಿಸ್ತದೆ. ನನಗೂ ಸುರುವಿಗೆ ಹಾಗೇ ಅನ್ನಿಸಿದ್ದು. ಜಾತಿ ಅಂದ್ರೆ ಎಂತ ಅಂತ ಅಂಬೇಡ್ಕರ್ ಇಪ್ಪತ್ತೈದು ವರ್ಷದ ಹುಡುಗ ಇರುವಾಗ, 1916ರಲ್ಲಿ, ನ್ಯೂಯಾರ್ಕಿನ ಕೊಲಂಬಿಯಾ ಯೂನಿವರ್ಸಿಟಿಯಲ್ಲಿ ಒಂದು ಪ್ರಬಂಧ ಓದಿದ್ರು. ಅವರಿಗಿಂತ ಮುಂಚೆ ನೆಸ್‌ಫೀಲ್ಡ್ ಅಂತ ಒಬ್ಬ ಬ್ರಿಟಿಷ್ ಅಧಿಕಾರಿ ಜಾತಿಯ ಬುಡ ಕಸುಬು ಅಂತ ಹೇಳಿದ್ದ. ಅಂಬೇಡ್ಕರ್ ಅದನ್ನು ಒಪ್ಪಲಿಲ್ಲ. ಜಾತಿಯ ಜೀವ ಇರುವುದು ಮದುವೆಯಲ್ಲಿ, ಒಳಗಿನವರು ಒಳಗೇ ಮದುವೆ ಆಗ್ಬೇಕು ಅನ್ನುವ ಬೇಲಿಯಲ್ಲಿ, ಆ ಬೇಲಿ ಕಿತ್ತರೆ ಜಾತಿ ಅನ್ನುವುದು ನಿಲ್ಲುವುದೇ ಇಲ್ಲ ಅಂತ ಅವರ ವಾದ. ಆಗ ನಾನು ವಾಪಸ್ ಪುಸ್ತಕಕ್ಕೆ ಹೋಗಿ ಕೆಲಸದ ಪಟ್ಟಿ ಬಿಟ್ಟು ಮದುವೆಯ ಕಾನೂನು ಎಂತ ಉಂಟು ಅಂತ ಹುಡುಕಿದೆ. ಮಜಾ ಇರುವುದೇ ಅಲ್ಲಿ.

ಇಲ್ಲಿಯಾದಲ್ಲಿ ಜಾತಿ ಬಿಟ್ಟು ಮದುವೆ ಆಗ್ಬಾರದು ಅಂತ ಕಾನೂನೇ ಇಲ್ಲ. ನಿಜ. ಆಗ್ಬಹುದು. ಆದ್ರೆ ಬೇರೆ ನಂಬರಿನವರನ್ನು ಆಗುವುದಾದ್ರೆ ಕಾಗದಪತ್ರ ಜಾಸ್ತಿ, 90 ದಿನ ಕಾಯ್ಬೇಕು, ಆಮೇಲೆ ಉಳಿದ ಫಾರ್ಮು. ಎರಡನೇ ನಿಯಮ, ಮದುವೆ ಆದ ಹೆಂಗಸು ಗಂಡನ ನಂಬರಿಗೆ ಹೋಗ್ತಾಳೆ. ಮೂರನೇದು, ಮದುವೆಗೆ ಮುಂಚೆ ದೇಹಸಂಬಂಧ ಅಪರಾಧ, ಜೈಲು. ರಾತ್ರಿ ಕರ್ಫ್ಯೂ ಬೇರೆ ಉಂಟು. ಇಷ್ಟೇ. ಈ ಮೂರು ಸಣ್ಣ ಸಣ್ಣ ನಿಯಮ ಸೇರಿ ಎಂತ ಮಾಡ್ತವೆ ಅಂತ ಆ ಹುಡುಗ ಹುಡುಗಿಯ ಮೇಲೆ ಇಟ್ಟು ನೋಡುವಾ.

ಹುಡುಗನ ಹೆಸರು ಆಸ್ಪೆನ್. ಆರನೆಯವ. ಹತ್ತೊಂಬತ್ತು ವರ್ಷ, ಅಪ್ಪ ತೀರಿಹೋಗಿದ್ದಾರೆ, ಏಳು ಮಕ್ಕಳಲ್ಲಿ ಇವನೇ ದೊಡ್ಡವ. ಎರಡು ವರ್ಷದಿಂದ ಇಬ್ಬರೂ ಕರ್ಫ್ಯೂ ಆದ ಮೇಲೆ ಅವಳ ಮನೆ ಹಿತ್ತಲಿನ ಮರದ ಮೇಲಿನ ಸಣ್ಣ ಗುಡಿಸಲಲ್ಲಿ ಕದ್ದು ಕಾಣುವುದು. ಅವಳು ತನ್ನ ಊಟದಲ್ಲಿ ಉಳಿಸಿ ಅವನಿಗೆ ತರ್ತಾಳೆ, ಅವನು ಹಸಿದಿರ್ತಾನೆ, ತಿನ್ನುವಾಗ ನಾಚಿಕೆ. ಇವರು ಮದುವೆ ಆದ್ರೆ ಅವನ ನಂಬರ್ ಮೇಲೆ ಬರುವುದಿಲ್ಲ, ಅವಳದ್ದು ಕೆಳಗೆ ಹೋಗ್ತದೆ. ಅವಳು ನಾಳೆಯಿಂದ ಹಾಡಿ ದುಡಿಯುವ ಹಾಗಿಲ್ಲ, ಯಾರದ್ದೋ ಮನೆ ಒರೆಸ್ಬೇಕು. ಹುಟ್ಟುವ ಮಕ್ಕಳೂ ಆರು. ಅವಳ ಅಕ್ಕ ಕೆನ್ನಾ ನಾಲ್ಕನೆಯವನನ್ನು ಆಗಿ ನಾಲ್ಕಾಗಿದ್ದಾಳೆ, ಆ ಮನೆಗೆ ಅದು ಹೆಮ್ಮೆ. ಒಂದೇ ನಿಯಮ, ಅಕ್ಕನಿಗೆ ಏಣಿ, ತಂಗಿಗೆ ಬಾವಿ.

ಇಲ್ಲಿ ಸ್ವಲ್ಪ ನಿಲ್ತೇನೆ, ಯಾಕಂದ್ರೆ ಇದೇ ನನಗೆ ಹೇಳ್ಲಿಕ್ಕೆ ಇದ್ದದ್ದು. ಗಂಡನ ನಂಬರ್ ಹೆಂಡತಿಗೆ ಅನ್ನುವ ನಿಯಮದಿಂದ ಹೆಣ್ಣುಮಗಳ ಮದುವೆ ಅನ್ನುವುದು ಪ್ರತಿ ಮನೆಯಲ್ಲೂ ಒಂದು ಲೆಕ್ಕ ಆಗ್ತದೆ. ಮೇಲಿನವನನ್ನು ಆದ್ರೆ ಲಾಭ, ಕೆಳಗಿನವನನ್ನು ಆದ್ರೆ ನಷ್ಟ. ಗಂಡುಮಗನಿಗೆ ಮದುವೆಯಿಂದ ಲಾಭವೂ ಇಲ್ಲ ನಷ್ಟವೂ ಇಲ್ಲ, ಅವನ ನಂಬರ್ ಅಲ್ಲೇ. ಹಾಗಾಗಿ ಮಗಳನ್ನು ಕೆಳಗೆ ಬಿಡದ ಹಾಗೆ ಕಾಯುವುದು ಯಾರು? ಪೊಲೀಸ್ ಅಲ್ಲ, ರಾಜ ಅಲ್ಲ. ಅಮ್ಮ. ಮಗಳಿಗೆ ಆಸ್ಪೆನ್ ವಿಷಯ ಉಂಟು ಅಂತ ಅಮೆರಿಕಾಳ ಅಮ್ಮನಿಗೆ ಗೊತ್ತೂ ಇಲ್ಲ, ಆದ್ರೂ ರಾಜಕುಮಾರನಿಗೆ ಹುಡುಗಿ ಹುಡುಕುವ ಸ್ಪರ್ಧೆಯ ಫಾರ್ಮ್ ಬಂದ ದಿನದಿಂದ ತುಂಬಿಸು ತುಂಬಿಸು ಅಂತ ಬೆನ್ನು ಹತ್ತಿದ್ದಾರೆ. ಮಗಳು ಕೇಳದೆ ಇದ್ದಾಗ ಒಂದು ಆಮಿಷ ಇಡ್ತಾರೆ, ನೀನು ಒಬ್ಬಳೇ ಪಾರ್ಟಿಗಳಿಗೆ ಹೋಗಿ ಹಾಡು, ಬಂದ ದುಡ್ಡಿನಲ್ಲಿ ಅರ್ಧ ನೀನೇ ಇಟ್ಟುಕೋ. ಹುಡುಗಿ ಖುಷಿಯಾಗಿ ಒಪ್ಪುವುದು ಯಾಕೆ ಗೊತ್ತುಂಟಾ, ಆ ಅರ್ಧ ಕೂಡಿಟ್ಟು ಆಸ್ಪೆನ್‌ನ ಜೊತೆ ಮದುವೆ ಆಗುವ ಅಂತ. ಅಮ್ಮ ಮಗಳನ್ನು ಮೇಲೆ ಹತ್ತಿಸ್ಲಿಕ್ಕೆ ಕೊಟ್ಟ ದುಡ್ಡು, ಮಗಳ ಲೆಕ್ಕದಲ್ಲಿ ಕೆಳಗೆ ಇಳಿಯುವ ಬಸ್ಸಿನ ಟಿಕೆಟ್ಟು. ಇಡೀ ಮೊದಲ ಪುಸ್ತಕದಲ್ಲಿ ನನಗೆ ಹಿಡಿಸಿದ ಜಾಗ ಇದು. ಆ ಅಮ್ಮನನ್ನು ಕೆಟ್ಟವಳು ಅಂತ ನಾನು ಹೇಳುವುದಿಲ್ಲ. ಹಸಿವು ಕಂಡ ಅಮ್ಮ ಮತ್ತೆ ಎಂತ ಮಾಡಿಯಾಳು?

ಮತ್ತೆ ಆಸ್ಪೆನ್‌ನೂ ಅದೇ ಮಾಡ್ತಾನೆ. ಫಾರ್ಮ್ ತುಂಬಿಸು, ಇಲ್ಲದಿದ್ರೆ ನಿನ್ನ ಅವಕಾಶ ನಾನು ತಪ್ಪಿಸಿದ ಹಾಗೆ ಅಂತ ಅವನೇ ಹೇಳ್ತಾನೆ, ಆಮೇಲೆ ಒಂದು ರಾತ್ರಿ ಅವಳು ಅವನಿಗೋಸ್ಕರ ಮಾಡಿ ತಂದ ಊಟ ನೋಡಿ, ಪೋಷಿಸ್ಬೇಕಾದವ ತಾನು, ಈಗ ತನ್ನನ್ನೇ ಅವಳು ಪೋಷಿಸ್ತಾ ಇದ್ದಾಳೆ ಅಂತ ಸಂಕಟ ಆಗಿ ಸಂಬಂಧವನ್ನೇ ಕಡಿದು ಹೋಗ್ತಾನೆ. ಯಾರೂ ತಡೆದದ್ದಲ್ಲ. ಕಚೇರಿ ಮೆಟ್ಟಿಲು ಹತ್ತಲೇ ಇಲ್ಲ, 90 ದಿನದ ಕಾಗದ ಹಾಕಲೇ ಇಲ್ಲ. ನಿಯಮ ಬರೆದವನಿಗೆ ಇದಕ್ಕಿಂತ ಒಳ್ಳೆ ಕೆಲಸದವರು ಸಿಗ್ತಾರಾ? ಕಾನೂನು ಮುರಿಯುವ ಮುಂಚೆಯೇ ಹುಡುಗ ತನ್ನನ್ನು ತಾನೇ ಅನರ್ಹ ಮಾಡಿಕೊಂಡ.

ಆ 90 ದಿನ ಎಂತಕ್ಕೆ ಅಂತ ಕೇಳಬಹುದು ನೀವು. ನಮಗೆ ಅದು ಹೊಸತಲ್ಲ. ನಮ್ಮ 1954ರ ಸ್ಪೆಷಲ್ ಮ್ಯಾರೇಜ್ ಆಕ್ಟಲ್ಲಿ, ಬೇರೆ ಬೇರೆ ಧರ್ಮದವರು ಮತಾಂತರ ಆಗದೆ ಮದುವೆ ಆಗುವ ಆಕ್ಟ್ ಅದು, ನೋಟಿಸ್ ಕೊಟ್ಟು 30 ದಿನ ಕಾಯ್ಬೇಕು, ಆಫೀಸಿನಲ್ಲಿ ಎಲ್ಲರಿಗೂ ಕಾಣುವ ಜಾಗದಲ್ಲಿ ಅದನ್ನು ಅಂಟಿಸ್ತಾರೆ, ಆಕ್ಷೇಪ ಇದ್ದವರು ಹೇಳ್ಬಹುದು. ಹಿಂದೂಗಳ ಒಳಗೆ ಜಾತಿ ಬೇರೆ ಆದ್ರೆ 1955ರ ಕಾಯಿದೆಯಲ್ಲಿ ಹೀಗೆ ನೋಟಿಸ್ ಇಲ್ಲ, ಅದು ಬೇರೆ. ಆಕ್ಷೇಪ ಅಂದ್ರೆ ಮೊದಲೇ ಮದುವೆ ಆಗಿದೆಯಾ, ವಯಸ್ಸಾಗಿದೆಯಾ, ಹತ್ತಿರದ ಸಂಬಂಧವಾ ಇಂಥದ್ದೇ ಇರ್ಬೇಕು, ಅಪ್ಪನಿಗೆ ಇಷ್ಟ ಇಲ್ಲ ಅನ್ನುವುದು ಕಾನೂನಲ್ಲಿ ಆಕ್ಷೇಪ ಅಲ್ಲ. ಆದ್ರೆ ಗೋಡೆಯ ಮೇಲೆ ಹೆಸರು ವಿಳಾಸ ಕಂಡ ಚಿಕ್ಕಪ್ಪನಿಗೆ ಕಾನೂನು ಎಂತಕ್ಕೆ? ಅವನು ಆಫೀಸಿಗೆ ಹೋಗುವುದಿಲ್ಲ, ಸೀದಾ ಮನೆಗೆ ಬರುವುದು. ನನ್ನ ಪರಿಚಯದ ಒಂದು ಜೋಡಿ ಆ 30 ದಿನದಲ್ಲಿ ಮೂರು ಬಾಡಿಗೆ ರೂಮು ಬದಲಾಯಿಸಿದ್ದಾರೆ, ಇದು ಕಾದಂಬರಿ ಅಲ್ಲ. ಬೇಡ ಅಂತ ಬರೆದ ಕಾನೂನಿನ ವಿರುದ್ಧ ಹೋರಾಡ್ಲಿಕ್ಕಾದ್ರೂ ಆಗ್ತದೆ, ಕಾಯಿರಿ ಅನ್ನುವ ಕಾನೂನಿನ ಎದುರು ಎಂತ ಅಂತ ಹೋರಾಡುವುದು.

ಮತ್ತೆ ಒಂದು, ನಮ್ಮ ತುಳುನಾಡಿನವರಿಗೆ ಈ ಗಂಡನ ನಂಬರ್ ಹೆಂಡತಿಗೆ ಅನ್ನುವುದು ಅಷ್ಟು ಸಹಜ ಅಂತ ಕಾಣ್ಬಾರದು. ಅಳಿಯಸಂತಾನದ ಮನೆಗಳಲ್ಲಿ ಬರಿ, ಕುಟುಂಬ, ಆಸ್ತಿ ಎಲ್ಲ ತಾಯಿಯ ಕಡೆಯಿಂದ ಬಂದದ್ದು. ಅಲ್ಲಿ ಗಂಡ ಯಾರಾದ್ರೂ ಮಕ್ಕಳು ಅಮ್ಮನ ಕುಟುಂಬದವರೇ. ಹಾಗಂತ ಅಲ್ಲಿ ಹೆಂಗಸಿಗೆ ಬೇಕಾದವನನ್ನು ಆಗುವ ಸ್ವಾತಂತ್ರ್ಯ ಇತ್ತು ಅಂತ ತಿಳ್ಕೊಳ್ಬೇಡಿ, ಬೇಲಿ ಅಲ್ಲೂ ಇತ್ತು. ಮಕ್ಕಳು ಯಾವ ಕಡೆಗೆ ಅನ್ನುವುದನ್ನು ತಿರುಗಿಸಿದ್ರೂ ಬೇಲಿ ನಿಲ್ತದೆ ಅಂತಾದ್ರೆ ಅಂಬೇಡ್ಕರ್ ಹೇಳಿದ್ದು ಸರಿ ಅಂತ ನನಗೆ ಅನ್ನಿಸ್ತದೆ. ಇರ್ಲಿ, ಇದು ಬೇರೆ ದಿನದ ಮಾತು.

ಈಗ ಮುಂದೆ ಎಂತ ಆಗ್ತದೆ ನೋಡಿ. ಸ್ಪರ್ಧೆಗೆ 35 ಪ್ರಾಂತ್ಯದಿಂದ 35 ಹುಡುಗಿಯರು, ಅವಳ ಪ್ರಾಂತ್ಯದಿಂದ ಅಮೆರಿಕಾಳ ಹೆಸರು ಬರ್ತದೆ. ಬಂದ ಕೂಡಲೇ ಅವಳು ಮೂರು. ಮನೆಗೆ ದುಡ್ಡು ಬರ್ಲಿಕ್ಕೆ ಸುರು. ಆಸ್ಪೆನ್‌ನನ್ನು ಸೈನ್ಯಕ್ಕೆ ಎಳೀತಾರೆ, ಸೈನಿಕ ಆದ ಕೂಡಲೇ ಅವನು ಎರಡು. ಕೆಲವೇ ವಾರದ ಹಿಂದೆ ಐದು ಮತ್ತೆ ಆರು ಆಗಿದ್ದವರು, ಒಂದು ನಂಬರಿನ ಅಂತರ ದಾಟ್ಲಿಕ್ಕಾಗದೆ ಅತ್ತವರು, ಈಗ ಮೂರು ಮತ್ತೆ ಎರಡು. ರಕ್ತ ಬದಲಾಯ್ತಾ? ಇಲ್ಲ. ಅರಮನೆಗೆ ಸೊಸೆ ಬೇಕಿತ್ತು, ಸೈನ್ಯಕ್ಕೆ ಆಳು ಬೇಕಿತ್ತು. ಮೇಲೆ ಹೋಗುವ ಬಾಗಿಲು ಇರುವುದು ಅರಮನೆಗೆ ಬೇಕಾದ ಜಾಗದಲ್ಲಿ ಮಾತ್ರ, ಇನ್ನೊಂದು ಬಾಗಿಲು ದುಡ್ಡು ಕೊಟ್ಟು ನಂಬರ್ ಕೊಂಡುಕೊಳ್ಳುವುದು, ಅದು ಇದ್ದವರಿಗೆ. ಇವರಿಬ್ಬರು ತಾವಾಗಿ ಬೇಕು ಅಂದಾಗ ಆರು ಐದರ ನಡುವೆ ಕಲ್ಲಿನ ಗೋಡೆ, ರಾಜನಿಗೆ ಬೇಕಾದಾಗ ಅದೇ ಗೋಡೆ ಪರದೆ.

ಕೆಳಗೆ ಹೋಗ್ಲಿಕ್ಕೂ ಬಾಗಿಲು ಉಂಟು, ಅದು ಯಾವಾಗ್ಲೂ ತೆರೆದೇ ಇರ್ತದೆ. ಎರಡನೇ ಪುಸ್ತಕದಲ್ಲಿ ಮಾರ್ಲೀ ಅಂತ ಸ್ಪರ್ಧೆಯ ಇನ್ನೊಬ್ಬಳು ಹುಡುಗಿ, ನಾಲ್ಕನೆಯ ಮನೆಯಿಂದ ಬಂದವಳು, ಅಪ್ಪ ಕೃಷಿಕ, ಅರಮನೆಯ ಕಾವಲಿನ ಕಾರ್ಟರ್ ಅನ್ನುವವನ ಜೊತೆ ಸಿಕ್ಕಿಬೀಳ್ತಾಳೆ. ಸ್ಪರ್ಧೆಯ ಹುಡುಗಿ ಅಂದ್ರೆ ರಾಜಕುಮಾರನ ಸೊತ್ತು ಅಂತ ಲೆಕ್ಕ, ಹಾಗಾಗಿ ಇದು ರಾಜದ್ರೋಹ. ಎಲ್ಲರ ಎದುರು, ಉಳಿದ ಹುಡುಗಿಯರನ್ನು ಕೂರಿಸಿ, ಟಿವಿಯಲ್ಲಿ ತೋರಿಸಿ, ಬೆತ್ತದಲ್ಲಿ 15 ಪೆಟ್ಟು. ಅವಳಿಗೆ ಅಂಗೈ ಮೇಲೆ. ಆಮೇಲೆ ಇಬ್ಬರೂ ಎಂಟು. ಆ ಎಂಟನೇ ನಂಬರ್ ಎಂತಕ್ಕೆ ಇಟ್ಟದ್ದು ಅಂತ ನನಗೆ ಅಲ್ಲೇ ಗೊತ್ತಾದದ್ದು. ಒಂದರಿಂದ ಏಳರವರೆಗೆ ಕೆಲಸದ ಹೆಸರುಂಟು, ಎಂಟಕ್ಕೆ ಕೆಲಸವೇ ಇಲ್ಲ. ಅದು ಬೀಳುವ ಗುಂಡಿ. ಏಳನೆಯವ ಬೆನ್ನು ಬಗ್ಗಿಸಿ ದುಡಿದು ಸಾಯುವಾಗಲೂ "ಎಂಟು ಅಲ್ಲವಲ್ಲ" ಅಂತ ಹೇಳ್ಬಹುದು, ಆ ಸಮಾಧಾನಕ್ಕೆ ಗುಂಡಿ ಬೇಕು. (ಇಲ್ಲಿ ಯಾರೋ ಒಬ್ಬರು, ಆ ಇಬ್ಬರು ಮತ್ತೆ ಸತ್ರಾ ಅಂತ ಕೇಳಿದ್ರು. ಇಲ್ಲ, ರಾಜಕುಮಾರ ಅವರನ್ನು ಅರಮನೆಯಲ್ಲೇ ಗುಟ್ಟಾಗಿ ಇಟ್ಟುಕೊಳ್ತಾನೆ. ಒಳ್ಳೆಯವನೇ, ಆದ್ರೆ ಕಾನೂನು ಬದಲಿಸುವುದಕ್ಕಿಂತ ಅಡಗಿಸಿಡುವುದು ಅವನಿಗೆ ಸುಲಭ.)

ಇದನ್ನೆಲ್ಲ ಕಟ್ಟಿದ ಗ್ರೆಗರಿಯ ಡೈರಿ ಒಂದುಂಟು. ಆ ದೇಶದಲ್ಲಿ ಚರಿತ್ರೆಯ ಪುಸ್ತಕ ಜನರ ಕೈಗೆ ಕೊಡುವುದಿಲ್ಲ, ಬಾಯಲ್ಲಿ ಹೇಳಿದ್ದೇ ಚರಿತ್ರೆ, ಶುಕ್ರವಾರ ರಾತ್ರಿ ಎಂಟು ಗಂಟೆಗೆ ಟಿವಿಯಲ್ಲಿ ಬರುವ ಅರಮನೆಯ ಕಾರ್ಯಕ್ರಮ ನೋಡ್ಬೇಕು, ಅಷ್ಟೆ. ರಾಜಕುಮಾರ ಮ್ಯಾಕ್ಸನ್ ಆ ಡೈರಿಯನ್ನು ಅಮೆರಿಕಾಳಿಗೆ ಓದ್ಲಿಕ್ಕೆ ಕೊಡ್ತಾನೆ. ಓದಿದ್ರೆ ದೇಶ ಉಳಿಸಿದ ಮಹಾತ್ಮ ಅಲ್ಲಿ ಇಲ್ಲ, ಅಧಿಕಾರ ಬೇಕಿದ್ದ ಒಬ್ಬ ಮನುಷ್ಯ ಇದ್ದಾನೆ, ಮಗಳನ್ನು ಬೇರೆ ದೇಶದ ಅರಮನೆಗೆ ಒಪ್ಪಂದಕ್ಕಾಗಿ ಮದುವೆ ಮಾಡಿಕೊಟ್ಟವ. ಮೊದಲ ಲೆಕ್ಕವೂ ಮಗಳ ಮದುವೆಯದ್ದೇ, ಕಂಡಿರಾ! ಲೇಖಕಿ ಯೋಚಿಸಿಯೇ ಹೀಗೆ ಇಟ್ಟದ್ದಾ ಗೊತ್ತಿಲ್ಲ, ಆದ್ರೆ ಸರಿಯಾಗಿ ಕೂತಿದೆ.

ತಕರಾರು ಹೇಳದೆ ಇದ್ರೆ ಅನ್ಯಾಯ ಆಗ್ತದೆ. ಈ ಪುಸ್ತಕಗಳಲ್ಲಿ ಮೈಲಿಗೆ ಇಲ್ಲ. ಆರನೆಯವರು ಬೇಯಿಸಿದ್ದನ್ನು ಒಂದನೆಯವರು ತಿಂತಾರೆ, ಆರನೆಯ ಹುಡುಗಿಯರು ನಾಯಕಿಯ ತಲೆ ಬಾಚ್ತಾರೆ, ಅಂಗಿ ತೊಡಿಸ್ತಾರೆ, ಮುಟ್ಟಿದ್ರೆ ಯಾರಿಗೂ ಎಂತದೂ ಆಗುವುದಿಲ್ಲ. ನಮ್ಮ ಅಜ್ಜಂದಿರು ಹೇಳುವ ಹಾಗೆ ಇಷ್ಟು ದೂರ ನಿಲ್ಬೇಕು, ಈ ದಾರಿಯಲ್ಲಿ ಬರ್ಬಾರದು ಅನ್ನುವುದು ಅಲ್ಲಿ ಇಲ್ಲವೇ ಇಲ್ಲ. ಕೊರಗರ ಮೇಲೆ ಹೇರಿದ ಅಜಲು ಪದ್ಧತಿಯನ್ನು ಕರ್ನಾಟಕದಲ್ಲಿ ಕಾನೂನು ಮಾಡಿ ನಿಷೇಧಿಸ್ಲಿಕ್ಕೆ 2000ನೇ ಇಸವಿ ಆಗ್ಬೇಕಾಯ್ತು, ರೋಗ ಹೋಗ್ಲಿ ಅಂತ ಕೂದಲು ಉಗುರು ಬೆರೆಸಿದ ಅನ್ನವನ್ನು ಇನ್ನೊಬ್ಬ ಮನುಷ್ಯನಿಗೆ ಉಣ್ಣಿಸುವ ಪದ್ಧತಿ ಅದು. ಅಂಥದ್ದನ್ನು ಕಂಡ ಊರಿನವರಿಗೆ ಇಲ್ಲಿಯಾದ ಜಾತಿ ಸ್ವಲ್ಪ ತೊಳೆದು ಇಸ್ತ್ರಿ ಹಾಕಿದ ಹಾಗೆ ಕಾಣ್ತದೆ. ಅಲ್ಲಿ ನಂಬರ್ ಬದಲಾದ ದಿನ ಮನುಷ್ಯನೂ ಬದಲಾದ, ಹಳೇದನ್ನು ಯಾರೂ ಎತ್ತಿ ಆಡುವುದು ಕಡಿಮೆ. ನಮ್ಮಲ್ಲಿ ಕಲೆಕ್ಟರ್ ಆದವರ ಬಗ್ಗೆಯೂ ಹಿಂದಿನಿಂದ ಒಂದು ಮಾತು ಇರ್ತದೆ.

ಲೇಖಕಿಗೂ ಇದು ಆಮೇಲೆ ಹೊಳೆದಿರ್ಬೇಕು. ಎರಡನೇ ಪುಸ್ತಕದ ಕೊನೆಗೆ ಅಮೆರಿಕಾ ಆ ಡೈರಿ ಹಿಡಿದು ಟಿವಿಯಲ್ಲೇ ಜಾತಿ ತೆಗೀಬೇಕು ಅಂತ ಹೇಳ್ತಾಳೆ, ರಾಜ ಕೆಂಡ ಆಗ್ತಾನೆ. ಮೂರನೇದು ಮುಗಿಯುವಾಗ ಅವಳು ರಾಣಿ. ಆಮೇಲೆ 2015ರಲ್ಲಿ ಬಂದ "ದಿ ಏರ್" ಅನ್ನುವ ಮುಂದಿನ ಕಥೆಯಲ್ಲಿ ಅವರ ಮಗಳ ಕಾಲ, ಜಾತಿ ಹಂತ ಹಂತವಾಗಿ ತೆಗೆದಾಗಿದೆ, ಕಾಗದದಲ್ಲಿ ನಂಬರ್ ಇಲ್ಲ. ಆದ್ರೂ ಯಾರು ಹಿಂದೆ ಯಾವ ನಂಬರ್ ಅಂತ ಜನರಿಗೆ ನೆನಪುಂಟು, ಕೆಲಸ ಕೊಡುವುದಿಲ್ಲ, ಬೀದಿಯಲ್ಲಿ ಗಲಾಟೆ. ಕಥೆಯಾಗಿ ಅದು ಮೊದಲ ಮೂರರಷ್ಟು ಹಿಡಿಯುವುದಿಲ್ಲ, ಜಾತಿಯ ವಿಷಯದಲ್ಲಿ ಮಾತ್ರ ಮೊದಲ ಮೂರಕ್ಕಿಂತ ನಿಜ ಅನ್ನಿಸಿತು ನನಗೆ.

ಆ ಹುಡುಗಿಯ ಪ್ರಶ್ನೆಗೆ ಉತ್ತರ ಬಾಕಿ ಉಂಟು, ಸರ್ಟಿಫಿಕೇಟ್ ಯಾರು ಕೊಡುವುದು ಅಂತ. ನನ್ನ ಉತ್ತರ, ಅಲ್ಲಿ ಅದು ಮದುವೆಯ ಫಾರ್ಮಿನ ಜೊತೆಗೇ ಬರ್ತದೆ. ನಮ್ಮ ವಿಲೇಜ್ ಆಫೀಸಿನ ಕಾಗದಕ್ಕೂ ಅದಕ್ಕೂ ದೊಡ್ಡ ವ್ಯತ್ಯಾಸ ಉಂಟು ಮಗಾ, ನಮ್ಮದು ಆದ ಅನ್ಯಾಯಕ್ಕೆ ಸ್ವಲ್ಪವಾದ್ರೂ ಲೆಕ್ಕ ಚುಕ್ತಾ ಮಾಡ್ಲಿಕ್ಕೆ ಇರುವ ಕಾಗದ, ಮೂರು ಸಲ ನಡೆಸಿದ್ದಕ್ಕೆ ಬೈಬೇಕಾದವರನ್ನು ಬೈ, ಕಾಗದವನ್ನು ಬೈಬೇಡ.

(ಪ್ರಶ್ನೆ ಕೇಳಿ ಅಂದಾಗ ಹೆಚ್ಚಿನವರು ರಾಜಕುಮಾರ ಕೊನೆಗೆ ಯಾರನ್ನು ಆದ ಅಂತಲೇ ಕೇಳಿದ್ದು, ನಾನು ಬಾಯಿ ತಪ್ಪಿ ಮೊದಲೇ ಹೇಳಿಬಿಟ್ಟಿದ್ದೆ. ಹಿಂದಿನ ಬೆಂಚಲ್ಲಿ ಕೂತಿದ್ದ ಒಬ್ಬರು ಅಕ್ಕ, ಕೈಯಲ್ಲಿ ಕೊಡೆ ಹಿಡ್ಕೊಂಡು ಆಗಲೇ ಎದ್ದು ನಿಂತವರು, ಕೇಳಿದ್ರು.)

"ಮಾಷ್ಟ್ರೆ, ಆ ತೊಂಬತ್ತು ದಿನ ಹುಡುಗಿ ಇರುವುದು ಎಲ್ಲಿ?"

ಅಪ್ಪ ಅಮ್ಮನ ಮನೆಯಲ್ಲೇ ಅಕ್ಕ, ಮದುವೆಗೆ ಮುಂಚೆ ಒಟ್ಟಿಗೆ ಇದ್ರೆ ಜೈಲು ಅಂದೆ.

"ಹಾಗಾದ್ರೆ ಆ ಮದುವೆ ಆದ ಹಾಗೇ" ಅಂತ ಹೇಳಿ ಅವರು ಕೊಡೆ ಬಿಡಿಸಿ ಬಸ್ಸಿಗೆ ಹೋದ್ರು.